ಹೆಸರು ಅಳಿಸಿದ ಮೇಲೂ ಉಳಿಯುವ ಲೆಕ್ಕ

ಹದಿನೈದು ದಿನದ ಹಿಂದೆ, ಒಂದು ಶನಿವಾರ ಮಧ್ಯಾಹ್ನ ನಮ್ಮ ಟೀಮಿನ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದ. ಗದಗ ಕಡೆಯವನು. ಪುಣೆಗೆ, ಅಂದರೆ ಚಾಕಣ್‌ನ ನಮ್ಮ ಕಾರ್ಖಾನೆಗೆ ಬಂದು ಎರಡು ವರ್ಷ ಆಗಿದೆ. ಅವನು ಓದಿದ ಕಾಲೇಜಿನ ಮೇಷ್ಟ್ರು ಫೋನ್ ಮಾಡಿ, "ನೀವು ಮಾಡಿದ ಒಂದು ಒಳ್ಳೆ ಕೆಲಸದ ಬಗ್ಗೆ ಎರಡು ಪುಟ ಬರೆದು ಕಳಿಸಪ್ಪಾ, ಹುಡುಗರಿಗೆ ತೋರಿಸ್ತೀನಿ" ಅಂದಿದ್ದರಂತೆ. ಇವನಿಗೆ ಖುಷಿಯೋ ಖುಷಿ. ಒಬ್ಬ ಗ್ರಾಹಕರ ಗಾಡಿಗೆ ನಾವು ಮಾಡುವ ಬ್ರಾಕೆಟ್ಟಿನ ಬೆಲೆ ಇಳಿಸಿದ ಕೆಲಸದ ಬಗ್ಗೆ ನಮ್ಮದೊಂದು 34 ಸ್ಲೈಡಿನ ಪವರ್‌ಪಾಯಿಂಟ್ ಡೆಕ್ ಇತ್ತು. ಅದನ್ನೇ ಕತ್ತರಿಸಿ ಐದು ಸ್ಲೈಡ್ ಮಾಡಿದ್ದ.

"ಎಲ್ಲಾ ತಗದೀನ್ರಿ ಮೇಡಂ. ಕಸ್ಟಮರ್ ಹೆಸರಿಲ್ಲ, ರೇಟಿಲ್ಲ, ಕೋಡಿಲ್ಲ. ಒಂದ್ಸಲ ನೋಡಿ ಹೂಂ ಅನ್ರಿ, ಕಳಸ್ತೀನಿ."

ನಿಜವಾಗಿಯೂ ತೆಗೆದಿದ್ದ. ಹೆಸರಿದ್ದ ಕಡೆಯೆಲ್ಲ "ಗ್ರಾಹಕ ಎ" ಅಂತ ಹಾಕಿದ್ದ. ಬೆಲೆ ಎಲ್ಲೂ ಕಾಣುತ್ತಿರಲಿಲ್ಲ. ಆದರೂ ಎರಡನೇ ಸ್ಲೈಡ್ ನೋಡಿದ ತಕ್ಷಣ ಪೆನ್ನು ಕೈಗೆ ತಗೊಂಡೆ. ಅಲ್ಲಿ ಮೂರು ಮಾತು ಇದ್ದವು. ವರ್ಷಕ್ಕೆ 1.2 ಲಕ್ಷ ಬ್ರಾಕೆಟ್. ಬೆಲೆಯಲ್ಲಿ 18% ಇಳಿಕೆ. ವರ್ಷಕ್ಕೆ 54 ಲಕ್ಷ ರೂಪಾಯಿ ಉಳಿತಾಯ.

54 ಲಕ್ಷವನ್ನು 1.2 ಲಕ್ಷದಿಂದ ಭಾಗಿಸಿದರೆ ಒಂದು ಬ್ರಾಕೆಟ್ಟಿಗೆ 45 ರೂಪಾಯಿ ಉಳಿತಾಯ. ಆ 45 ರೂಪಾಯಿ ಹಳೆ ಬೆಲೆಯ 18% ಅಂದರೆ ಹಳೆ ಬೆಲೆ 250. ಹೊಸ ಬೆಲೆ 205. ಅವನ ಮುಂದೆಯೇ ಒಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವನು ಅಳಿಸಿದ ಬೆಲೆಯನ್ನು ಅವನದೇ ಸ್ಲೈಡ್ ಹೇಳುತ್ತಿತ್ತು.

ನಾನು ಈ ಬರಹ ಬರೆಯುತ್ತಿರುವುದೇ ಈ ಚೀಟಿಗಾಗಿ. ಹೊರಗೆ ಕೊಡುವ ಮೊದಲು ಡೆಕ್ ಕ್ಲೀನ್ ಮಾಡು ಅಂತ ಎಲ್ಲ ಕಂಪನಿಯಲ್ಲೂ ಹೇಳುತ್ತಾರೆ. ಕ್ಲೀನ್ ಅಂದರೆ ನಮ್ಮ ತಲೆಯಲ್ಲಿ ಹುಡುಕು, ಅಳಿಸು. ಆದರೆ ಬೆಲೆ ಒಂದು ಸಂಖ್ಯೆಯಾಗಿ ಒಂದೇ ಜಾಗದಲ್ಲಿ ಕೂತಿರುವುದಿಲ್ಲ. ಪ್ರಮಾಣ, ಶೇಕಡಾ, ಒಟ್ಟು ಉಳಿತಾಯ, ಈ ಮೂರೂ ಒಟ್ಟಿಗೆ ಇದ್ದರೆ ಬೆಲೆ ತಾನಾಗಿ ಹೊರಗೆ ಬರುತ್ತದೆ. ಹಾಗಾಗಿ ಮೂರರಲ್ಲಿ ಒಂದನ್ನು ಮಾತ್ರ ಇಡಬೇಕು. ನಾನಾದರೆ ಶೇಕಡಾ ಇಡುತ್ತೇನೆ, ಉಳಿದೆರಡನ್ನು ಪೂರ್ತಿ ಬಿಡುತ್ತೇನೆ. ಚಾರ್ಟ್ ಬೇಕೇ ಬೇಕು ಅಂದರೆ ಹಳೆ ಬೆಲೆಯನ್ನು 100 ಅಂತ ಇಟ್ಟುಕೊಂಡು ಹೊಸದನ್ನು 82 ಅಂತ ತೋರಿಸಿದರೆ ಸಾಕು. ಕಂಬದ ಮೇಲಿನ ಸಂಖ್ಯೆ ತೆಗೆದು ಕಂಬವನ್ನು ಹಾಗೇ ಬಿಟ್ಟರೆ ಪ್ರಯೋಜನ ಇಲ್ಲ. ಎತ್ತರ ಅಳೆಯುವುದು ಕಷ್ಟವೇನಲ್ಲ. ಒಂದು ಕಂಬದ ಬೆಲೆ ಬೇರೆ ಎಲ್ಲೋ ಗೊತ್ತಾದರೆ ಎಲ್ಲ ಕಂಬದ ಬೆಲೆಯೂ ಗೊತ್ತಾದ ಹಾಗೆ.

ಹೀಗೇ ಇನ್ನೊಂದು ಇದೆ, ನಮ್ಮಂಥ ಕಾರ್ಖಾನೆಯವರು ಅದನ್ನು ಯೋಚಿಸುವುದೇ ಇಲ್ಲ. ಬಿಡಿಭಾಗದ ತೂಕ. ಶೀಟ್ ಸ್ಟೀಲ್ ಕಿಲೋಗೆ ಎಷ್ಟು ಅಂತ ಭೋಸರಿಯ ಯಾವ ವರ್ಕ್‌ಶಾಪಿನಲ್ಲಿ ಕೇಳಿದರೂ ಹೇಳುತ್ತಾರೆ. ತೂಕ ಗೊತ್ತಾದರೆ ಮಾಲಿನ ಖರ್ಚು ಗೊತ್ತಾಯಿತು. ಬೆಲೆಯೂ ಗೊತ್ತಿದ್ದರೆ ನಮ್ಮ ಮಾರ್ಜಿನ್ ಎಷ್ಟು ಅಂತ ಅಂದಾಜು ಮಾಡಲು ಎಷ್ಟು ಹೊತ್ತು ಬೇಕು?

ನನ್ನ ಹಳೆಯ ಕಂಪನಿಯಲ್ಲಿ ಇದೇ ತರಹದ ಒಂದು ಸಾರಾಂಶ ಹೊರಗೆ ಹೋಗಿತ್ತು. ಹೆಸರಿರಲಿಲ್ಲ, ಬೆಲೆ ಇರಲಿಲ್ಲ. ಎರಡು ತಿಂಗಳಾದ ಮೇಲೆ ನಮ್ಮ ಇನ್ನೊಬ್ಬ ಗ್ರಾಹಕರ ಪರ್ಚೇಸ್‌ನವರು ಮೀಟಿಂಗಿನಲ್ಲಿ ಆ ಹಾಳೆಯನ್ನೇ ಮುಂದಿಟ್ಟು, "ಅವರಿಗೆ ಈ ರೇಟು, ನಮಗೆ ಯಾಕೆ ಜಾಸ್ತಿ?" ಅಂದರು. ಅವರು ಹೇಳಿದ ರೇಟು ಎರಡು ರೂಪಾಯಿ ಕೂಡ ಆಚೆ ಈಚೆ ಇರಲಿಲ್ಲ. ಅದನ್ನು ಬರೆದ ಹುಡುಗಿ ವಾರಗಟ್ಟಲೆ ಎಲ್ಲರಿಗೂ ಉತ್ತರ ಹೇಳಬೇಕಾಯಿತು. ಬರೆದಿದ್ದನ್ನು ನೋಡಿ ಸಹಿ ಹಾಕಿದವರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಅದು ನನಗೆ ಇವತ್ತಿಗೂ ನೋವು. ಹಾಗಾಗಿಯೇ ನನ್ನ ಹುಡುಗರ ಫೈಲನ್ನು ನಾನೇ ಕೂತು ನೋಡುತ್ತೇನೆ.

ಮತ್ತೆ ಶನಿವಾರಕ್ಕೆ ಬರೋಣ. ನಾಲ್ಕನೇ ಸ್ಲೈಡಿನಲ್ಲಿ ಒಂದು ಚಾರ್ಟ್ ಇತ್ತು, ನೋಡಲು ನಿರಪಾಯ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ `Edit Data` ಒತ್ತಿದೆ. ಎಕ್ಸೆಲ್ ಹಾಳೆ ತೆರೆದುಕೊಂಡಿತು. ಚಾರ್ಟಿಗೆ ಬೇಕಾದ ಆರು ಸಾಲು ಮಾತ್ರ ಅಲ್ಲ, ಖರ್ಚಿನ ಲೆಕ್ಕದ ಇಡೀ ಫೈಲ್. ಕೆಳಗೆ ಒಂಬತ್ತು ಶೀಟ್, ಒಂದೊಂದರ ಟ್ಯಾಬಿನ ಮೇಲೂ ಒಬ್ಬೊಬ್ಬ ಗ್ರಾಹಕರ ಹೆಸರು. ಹುಡುಗನ ಮುಖ ಸಣ್ಣದಾಯಿತು. ಅವನ ತಪ್ಪಲ್ಲ. ಎಕ್ಸೆಲ್‌ನಿಂದ ಚಾರ್ಟ್ ಕಾಪಿ ಮಾಡಿ ಪವರ್‌ಪಾಯಿಂಟಿಗೆ ಹಾಕುವಾಗ ವರ್ಕ್‌ಬುಕ್ ಎಂಬೆಡ್ ಮಾಡುವ ಆಯ್ಕೆ ಒತ್ತಿದರೆ ಪೂರ್ತಿ ವರ್ಕ್‌ಬುಕ್ ಒಳಗೆ ಹೋಗಿ ಕೂರುತ್ತದೆ. ಹೊರಗೆ ಹೋಗುವ ಫೈಲಿನಲ್ಲಿ ಚಾರ್ಟನ್ನು ಚಿತ್ರವಾಗಿ ಮಾತ್ರ ಅಂಟಿಸಬೇಕು.

ಇದನ್ನು ನೋಡುವ ಒಂದು ಸುಲಭ ದಾರಿ ಇದೆ. ಫೈಲಿನ ಒಂದು ಕಾಪಿ ಮಾಡಿ, ಹೆಸರಿನ ಕೊನೆಯ `.pptx` ತೆಗೆದು `.zip` ಅಂತ ಹಾಕಿ ತೆರೆಯಿರಿ. ಪವರ್‌ಪಾಯಿಂಟ್ ಫೈಲ್ ಅಂದರೆ ಒಳಗೆ ಒಂದು ಜಿಪ್ ಗಂಟು ಅಷ್ಟೆ. `ppt/embeddings` ಅನ್ನುವ ಫೋಲ್ಡರಿನಲ್ಲಿ ಇಂಥ ಎಕ್ಸೆಲ್ ಫೈಲುಗಳು ಸಿಗುತ್ತವೆ. `ppt/media` ಒಳಗೆ ಚಿತ್ರಗಳು ಇರುತ್ತವೆ. ಕ್ರಾಪ್ ಮಾಡಿದ ಸ್ಕ್ರೀನ್‌ಶಾಟ್ ಕೂಡ ಅಲ್ಲಿ ಪೂರ್ತಿ ಚಿತ್ರವಾಗಿಯೇ ಇರಬಹುದು. ನಮ್ಮದರಲ್ಲಿ ಇತ್ತು. ಸ್ಲೈಡಿನಲ್ಲಿ ಬರೀ ಒಂದು ಟೇಬಲ್ ಕಾಣುತ್ತಿತ್ತು, ಮೀಡಿಯಾ ಫೋಲ್ಡರಿನಲ್ಲಿ ಆ ಟೇಬಲ್ಲಿನ ಮೇಲೆ ಪಾರ್ಟ್ ನಂಬರ್ ಸಮೇತ ಇಡೀ ಸ್ಕ್ರೀನ್ ಇತ್ತು. `Inspect Document` ಓಡಿಸಿ `Remove All` ಒತ್ತಿದರೆ ಕಾಮೆಂಟ್, ನೋಟ್ಸ್, ಬರೆದವರ ಹೆಸರು ಇಂಥವು ಹೋಗುತ್ತವೆ, ಅದನ್ನು ಖಂಡಿತ ಮಾಡಬೇಕು. ಆದರೆ ಚಾರ್ಟ್ ಒಳಗಿನ ಎಕ್ಸೆಲ್ ಹಾಳೆಯನ್ನು ಅದು ತೆಗೆಯುವುದಿಲ್ಲ.

"ಪಿಡಿಎಫ್ ಮಾಡಿ ಕಳಿಸಿದ್ರ ಆತಲ್ರಿ?" ಅಂದ. ಎಕ್ಸೆಲ್ ಹಾಳೆಯ ಮಟ್ಟಿಗೆ ಸರಿ. ಆದರೆ ಮೂರನೇ ಸ್ಲೈಡಿನ ಒಂದು ಟೇಬಲ್ಲಿನಲ್ಲಿ ಅವನು ರೇಟಿನ ಮೇಲೆ ಬಿಳಿ ಚೌಕ ಎಳೆದಿದ್ದ. ಪಿಡಿಎಫ್ ಮಾಡಿ, `Ctrl+A`, `Ctrl+C`, ಆಮೇಲೆ ನೋಟ್‌ಪ್ಯಾಡಿನಲ್ಲಿ `Ctrl+V` ಮಾಡಿಸಿದೆ. ಚೌಕದ ಅಡಿಯ ಸಂಖ್ಯೆ ಸಾಲಾಗಿ ಬಂದು ಬಿತ್ತು. ಮುಚ್ಚುವುದು ಬೇರೆ, ಅಳಿಸುವುದು ಬೇರೆ.

ಇನ್ನು ಕೋಡ್. ಕೋಡ್ ಅಂದರೆ ಹೊರಗಿನವರಿಗೆ ಅರ್ಥ ಆಗುವುದಿಲ್ಲ, ಇದ್ದರೇನು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅವನು ಸ್ಲೈಡಿನ ಒಳಗಿಂದ ತೆಗೆದಿದ್ದ, ಆದರೆ ಫೈಲಿನ ಹೆಸರಿನಲ್ಲೇ `CHK-2W-B-0417` ಅಂತ ಉಳಿದಿತ್ತು. ನಿಧಾನವಾಗಿ ಓದಿ. ಚಾಕಣ್, ಟೂ ವೀಲರ್, ಬಿ ದರ್ಜೆಯ ಗ್ರಾಹಕ, ಕೊಟೇಶನ್ ನಂಬರ್. ಚಾಕಣ್ ಸುತ್ತ ದ್ವಿಚಕ್ರ ವಾಹನ ಮಾಡುವವರು ಎಷ್ಟು ಜನ ಇದ್ದಾರೆ? ಬೆರಳಲ್ಲಿ ಎಣಿಸಬಹುದು. ಆ "ಬಿ" ಇನ್ನೂ ಕೆಟ್ಟದ್ದು. ನಾವು ಅವರನ್ನು ಎರಡನೇ ದರ್ಜೆಯಲ್ಲಿ ಇಟ್ಟಿದ್ದೇವೆ ಅಂತ ಆ ಗ್ರಾಹಕರೇ ಓದಿದರೆ ಹೇಗಿರುತ್ತದೆ ಯೋಚಿಸಿ. ಪಾರ್ಟ್ ನಂಬರ್ ಕಥೆಯೂ ಹಾಗೇ. ಅದು ಗ್ರಾಹಕರ ಡ್ರಾಯಿಂಗ್ ನಂಬರ್. ಅದೇ ಗ್ರಾಹಕರಿಗೆ ಮಾಲು ಕೊಡುವ ಇನ್ನೊಬ್ಬರಿಗೆ ಆ ನಂಬರಿನ ಮೊದಲ ನಾಲ್ಕು ಅಂಕಿ ಸಾಕು, ಯಾರದ್ದು ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಾನು ಅವನಿಗೆ ಹೇಳಿದ್ದು ಇಷ್ಟೇ: ಆ ಡೆಕ್ ಮುಚ್ಚು, ಖಾಲಿ ಫೈಲ್ ತೆಗಿ. ದೊಡ್ಡ ಡೆಕ್ಕನ್ನು ಕತ್ತರಿಸುತ್ತಾ ಹೋದರೆ ಏನೋ ಒಂದು ಉಳಿದೇ ಉಳಿಯುತ್ತದೆ. ಖಾಲಿ ಹಾಳೆಯಲ್ಲಿ ನಾವು ಬರೆದದ್ದು ಮಾತ್ರ ಇರುತ್ತದೆ. ಕೆಲಸ ಜಾಸ್ತಿ ಅನ್ನಿಸುತ್ತದೆ, ಆದರೆ ಎರಡು ಪುಟಕ್ಕೆ ಒಂದೂವರೆ ಗಂಟೆ ಸಾಕಾಯಿತು. ನನ್ನ ಅಭಿಪ್ರಾಯದಲ್ಲಿ ಅದು ಚೆನ್ನಾಗಿಯೂ ಬಂತು. ಕಾಲೇಜಿನ ಹುಡುಗರಿಗೆ ನಮ್ಮ ರೇಟು ಯಾಕೆ ಬೇಕು? ಅವರಿಗೆ ಬೇಕಾದದ್ದು ಬೇರೆ. ಮೂರು ತುಂಡು ಶೀಟ್ ವೆಲ್ಡ್ ಮಾಡುತ್ತಿದ್ದ ಬ್ರಾಕೆಟ್ ಒಂದೇ ತುಂಡಿನ ಪ್ರೆಸ್ ಭಾಗ ಹೇಗಾಯಿತು? ಮೊದಲ ಟ್ರಯಲ್‌ನಲ್ಲಿ ಬೆಂಡ್ ಹತ್ತಿರ ಯಾಕೆ ಬಿರುಕು ಬಂತು? ಬಾಗುವ ಗೆರೆ ಶೀಟಿನ ರೋಲಿಂಗ್ ದಿಕ್ಕಿಗೆ ಸಮಾನಾಂತರವಾಗಿ ಬಿದ್ದಿತ್ತು. ಪ್ರೆಸ್ಸಿಗೆ ಹಾಕುವ ಶೀಟ್ ತುಂಡು, ಅಂದರೆ ಬ್ಲ್ಯಾಂಕ್, ತಿರುಗಿಸಿ ಗೆರೆ ಅಡ್ಡ ಬರುವ ಹಾಗೆ ಮಾಡಿ, ಬೆಂಡಿನ ರೇಡಿಯಸ್ ಸ್ವಲ್ಪ ಹೆಚ್ಚಿಸಿದ ಮೇಲೆ ಬಿರುಕು ನಿಂತಿತು. ಹಳೆಯ ಡೆಕ್‌ನಲ್ಲಿ ಈ ವಿಷಯ 27ನೇ ಸ್ಲೈಡಿನ ಮೂಲೆಯಲ್ಲಿ ಒಂದು ಸಾಲಿತ್ತು. ಹೊಸ ಬರಹದಲ್ಲಿ ಅದೇ ಒಂದು ಪುಟ ಆಯಿತು, ಕೈಯಲ್ಲಿ ಬರೆದ ಸ್ಕೆಚ್ ಸಮೇತ, ಅಳತೆ ಯಾವುದೂ ಇಲ್ಲದೆ.

ಮುಗಿಸಿದ ಮೇಲೆ ಇನ್ನೊಂದು ಪರೀಕ್ಷೆ. ಈ ಕೆಲಸಕ್ಕೆ ಸಂಬಂಧ ಇಲ್ಲದ, ಆದರೆ ಈ ಊರಿನ ಕಾರ್ಖಾನೆಗಳು ಗೊತ್ತಿರುವ ಒಬ್ಬರಿಗೆ ಕೊಟ್ಟು, "ಇದು ಯಾರದ್ದು ಅಂತ ಊಹೆ ಮಾಡಿ" ಅನ್ನಬೇಕು. ನಮ್ಮ ಡಿಸ್ಪ್ಯಾಚ್‌ನಲ್ಲಿ ಸೋಲಾಪುರದ ಒಬ್ಬರು ಹಿರಿಯರಿದ್ದಾರೆ, ಮನೆಯಲ್ಲಿ ಕನ್ನಡ ಮಾತಾಡುವವರು. ಅವರ ಕೈಗೆ ಕೊಟ್ಟೆವು. ಅಕ್ಷರದ ಕಡೆ ನೋಡಲೇ ಇಲ್ಲ. ಎರಡನೇ ಪುಟದ ಫೋಟೋ ನೋಡಿ ಗ್ರಾಹಕರ ಹೆಸರು ಹೇಳಿಬಿಟ್ಟರು. ಬ್ರಾಕೆಟ್ ಹಿಂದೆ, ಸ್ವಲ್ಪ ಮಸುಕಾಗಿ, ಒಂದು ಹಳದಿ ಪ್ಲಾಸ್ಟಿಕ್ ಬಿನ್ ಕಾಣುತ್ತಿತ್ತು.

"ಈ ಬಣ್ಣದ ಬಿನ್ ಅವರದ್ದೊಂದೇ ರೀ. ದಿನಾ ನಾನೇ ತುಂಬಿ ಕಳಸ್ತೀನಿ."

ಬ್ರಾಕೆಟ್ ಹಿಂದೆ ಬಿಳಿ ಬಟ್ಟೆ ಹಾಕಿ ಬೇರೆ ಫೋಟೋ ತೆಗೆದೆವು.

ಇಷ್ಟು ಮಾಡಿದ ಮೇಲೂ ನಾವೇ ಕಳಿಸಲಿಲ್ಲ. ನಾವು ಸಹಿ ಮಾಡಿದ ಎನ್‌ಡಿಎಯಲ್ಲಿ, ಅಂದರೆ ಗುಟ್ಟು ಕಾಯುವ ಒಪ್ಪಂದದಲ್ಲಿ, ಬೆಲೆ, ಡ್ರಾಯಿಂಗ್ ಮಾತ್ರ ಅಲ್ಲ, ನಾವು ಅವರಿಗೆ ಕೆಲಸ ಮಾಡುತ್ತೇವೆ ಅನ್ನುವ ವಿಷಯವೂ ಗುಟ್ಟು. ಜೊತೆಗೆ ಆ ಬ್ರಾಕೆಟ್ಟಿನ ವಿನ್ಯಾಸ ಅರ್ಧ ಅವರದ್ದು. ಹಾಗಾಗಿ ನಮ್ಮ ಮ್ಯಾನೇಜರ್ ಮೂಲಕ ಎರಡು ಪುಟವನ್ನು ಗ್ರಾಹಕರಿಗೇ ಮೇಲ್ ಮಾಡಿ, ಕಾಲೇಜಿಗೆ ಕೊಡಬಹುದಾ ಅಂತ ಬರಹದಲ್ಲಿ ಕೇಳಿದೆವು. ಬಾಯಿಮಾತಿನ "ಹೂಂ, ಕೊಡಿ" ಬೇಡ ಅಂತ ನಾನು ಹಠ ಹಿಡಿದೆ. ಮಂಗಳವಾರ ಉತ್ತರ ಬಂತು. ಕೊಡಿ, ಆದರೆ ಒಂದು ಸಾಲು ತೆಗೆಯಿರಿ ಅಂದಿದ್ದರು. ಕೆಲಸ ಯಾವ ತಿಂಗಳಲ್ಲಿ ಶುರುವಾಗಿ ಯಾವ ತಿಂಗಳಲ್ಲಿ ಮುಗಿಯಿತು ಅಂತ ನಾವು ಬರೆದಿದ್ದೆವು. ಅದನ್ನು ಓದಿದರೆ ಯಾವ ಗಾಡಿ ಅಂತ ಗೊತ್ತಾಗುತ್ತದೆ, ಅದು ಮಾರುಕಟ್ಟೆಗೆ ಬಂದ ತಿಂಗಳು ಎಲ್ಲರಿಗೂ ಗೊತ್ತು ಅಂತ ಕಾರಣವನ್ನೂ ಕೊಟ್ಟಿದ್ದರು. ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಆ ಸಾಲು ತೆಗೆದು "ಸುಮಾರು ಒಂಬತ್ತು ತಿಂಗಳು ಹಿಡಿಯಿತು" ಅಂತ ಹಾಕಿದೆವು. ಬುಧವಾರ ಹುಡುಗ ಮೇಷ್ಟ್ರಿಗೆ ಕಳಿಸಿದ. ಫೈಲಿಗೆ ಅವನೇ ಇಟ್ಟ ಹೆಸರು `bracket.pdf`.