ಫೋಟೊದಲ್ಲಿ ಬಂದ ಟ್ರಯಲ್ ಬ್ಯಾಲೆನ್ಸ್: ತಾಳೆ ನೋಡಬೇಕಾದ್ದು ತಳದ ಸಾಲಿನಲ್ಲಿ ಮಾತ್ರ ಅಲ್ಲ

ಸಣ್ಣ ಸಂಸ್ಥೆಯೊಂದರ ಟ್ರಯಲ್ ಬ್ಯಾಲೆನ್ಸ್ ಮೊಬೈಲ್ ಫೋಟೊ ಆಗಿ ಕೈಗೆ ಬಂದರೆ ಹೆಚ್ಚಿನವರು ಮೊದಲು ಪುಟದ ತಳಕ್ಕೆ ಹೋಗುತ್ತಾರೆ. ಡೆಬಿಟ್ ಮೊತ್ತ, ಕ್ರೆಡಿಟ್ ಮೊತ್ತ ಎರಡೂ ಒಂದೇ ಇದ್ದರೆ ತಾಳೆ ಆಯಿತು ಎಂದು ಮುಂದಿನ ಕೆಲಸ ಶುರು. ಇಷ್ಟು ಸಾಲದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ತಳದಲ್ಲಿ ಅಚ್ಚಾಗಿರುವ ಎರಡು ಮೊತ್ತ ಸಮ ಇದ್ದರೆ ಅದು ಲೆಕ್ಕ ಬರೆದವರ ಪುಸ್ತಕದ ಬಗ್ಗೆ ಒಂದು ಮಾತು ಹೇಳುತ್ತದೆ. ಆ ಫೋಟೊ ನೋಡಿ ನಾವು ಬರೆದುಕೊಂಡ ಅಂಕಿಗಳು ಸರಿಯೋ ತಪ್ಪೋ ಎನ್ನುವುದರ ಬಗ್ಗೆ ಏನೂ ಹೇಳುವುದಿಲ್ಲ.

ಹಾಗಾಗಿ ಹೋಲಿಕೆ ಮೂರು ಬೇಕು. ನಾವು ಬರೆದುಕೊಂಡ ಡೆಬಿಟ್ ಸಾಲುಗಳ ಕೂಡಿಕೆ ಫೋಟೊದಲ್ಲಿರುವ ಡೆಬಿಟ್ ಮೊತ್ತಕ್ಕೆ ಸರಿಹೊಂದಬೇಕು. ಕ್ರೆಡಿಟ್ ಸಾಲುಗಳ ಕೂಡಿಕೆ ಅಲ್ಲಿನ ಕ್ರೆಡಿಟ್ ಮೊತ್ತಕ್ಕೆ ಸರಿಹೊಂದಬೇಕು. ಇವೆರಡೂ ಆದ ಮೇಲೆ ಆ ಎರಡು ಮೊತ್ತಗಳು ಪರಸ್ಪರ ಸಮ ಇವೆಯೇ ನೋಡಬೇಕು. ಮೊದಲ ಎರಡು ನಮ್ಮ ಓದಿನ ಪರೀಕ್ಷೆ, ಮೂರನೆಯದು ಅವರ ಪುಸ್ತಕದ ಪರೀಕ್ಷೆ. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟರೆ ತಪ್ಪು ಯಾರದು ಅಂತಲೇ ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ. ಫೋಟೊದಲ್ಲಿ ಹದಿನಾಲ್ಕು ಖಾತೆಗಳಿವೆ. ಡೆಬಿಟ್ ಕಡೆ: ನಗದು 18,640, ಗಿರಾಕಿಗಳಿಂದ ಬರಬೇಕಾದ ಬಾಕಿ 1,36,250, ಆರಂಭಿಕ ದಾಸ್ತಾನು 74,500, ಪೀಠೋಪಕರಣ 58,000, ಖರೀದಿ 3,92,780, ಸಂಬಳ 96,000, ಬಾಡಿಗೆ 48,000, ವಿದ್ಯುತ್ 11,370, ಮಾಲೀಕರು ಸ್ವಂತಕ್ಕೆ ತೆಗೆದದ್ದು 30,000. ಕ್ರೆಡಿಟ್ ಕಡೆ: ಬಂಡವಾಳ 2,00,000, ಬ್ಯಾಂಕ್ ಓವರ್‌ಡ್ರಾಫ್ಟ್ 42,180, ಸರಬರಾಜುದಾರರಿಗೆ ಕೊಡಬೇಕಾದದ್ದು 87,460, ಮಾರಾಟ 5,31,700, ಬಂದ ಕಮಿಷನ್ 4,200. ತಳದಲ್ಲಿ ಎರಡೂ ಕಡೆ 8,65,540.

ಇದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಎರಡನೇ ಸಾಲಿನಿಂದ ಹದಿನೈದನೇ ಸಾಲಿನವರೆಗೆ, ಡೆಬಿಟ್ B ಕಾಲಂನಲ್ಲಿ, ಕ್ರೆಡಿಟ್ C ಕಾಲಂನಲ್ಲಿ ಬರೆದುಕೊಂಡು, ಹದಿನಾರನೇ ಸಾಲಿನಲ್ಲಿ ಫೋಟೊದ ಮೊತ್ತವನ್ನು ಕಣ್ಣಿಂದ ಓದಿ ಕೈಯಿಂದಲೇ ಟೈಪ್ ಮಾಡಿ. ಇಲ್ಲೇ ಹೆಚ್ಚು ಜನ ಎಡವುವುದು. ಆ ಸಾಲಿಗೂ SUM ಹಾಕಿಬಿಟ್ಟರೆ ಹೋಲಿಸಲು ಏನೂ ಉಳಿಯುವುದಿಲ್ಲ, ನಮ್ಮ ಕೂಡಿಕೆಯನ್ನು ನಮ್ಮ ಕೂಡಿಕೆಯ ಜೊತೆಗೇ ಹೋಲಿಸಿದಂತಾಗುತ್ತದೆ. ಆಮೇಲೆ ಬೇರೆ ಜಾಗದಲ್ಲಿ ಇವಿಷ್ಟು ಸಾಕು:

```
=SUM(B2:B15)-B16
=SUM(C2:C15)-C16
=B16-C16
=COUNT(B2:C15)
```

ಮೊದಲ ಮೂರೂ ಸೊನ್ನೆ ಬರಬೇಕು. ಕೊನೆಯದು 14 ಬರಬೇಕು. ಕಡಿಮೆ ಬಂದರೆ ಒಂದು ಸಾಲು ಬಿಟ್ಟುಹೋಗಿದೆ, ಇಲ್ಲವೇ ಯಾವುದೋ ಅಂಕಿ ಅಕ್ಷರವಾಗಿ ಕುಳಿತಿದೆ. ಫೋಟೊದಿಂದ ಪಠ್ಯ ಎತ್ತಿಕೊಂಡಾಗ ಸೊನ್ನೆಯ ಜಾಗದಲ್ಲಿ O ಅಕ್ಷರ ಬಂದಿರುತ್ತದೆ. ನೋಡಲು ಸಂಖ್ಯೆಯ ಹಾಗೇ ಕಾಣುತ್ತದೆ, SUM ಮಾತ್ರ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಈಗ ಓದುವಾಗ ಎರಡು ತಪ್ಪಾಗಿವೆ ಅಂದುಕೊಳ್ಳಿ. ಬರಬೇಕಾದ ಬಾಕಿ 1,36,250 ಎನ್ನುವುದನ್ನು 1,86,250 ಎಂದು ಓದಿದ್ದೇವೆ. ಫೋಟೊ ಸ್ವಲ್ಪ ಓರೆ ಇದ್ದದ್ದರಿಂದ ಕಮಿಷನ್ 4,200 ಡೆಬಿಟ್ ಕಾಲಂಗೆ ಬಂದು ಕೂತಿದೆ. ನಮ್ಮ ಕೂಡಿಕೆ ಡೆಬಿಟ್ 9,19,740, ಕ್ರೆಡಿಟ್ 8,61,340. ಇವೆರಡನ್ನೇ ಹೋಲಿಸಿದರೆ ವ್ಯತ್ಯಾಸ 58,400. ತಪ್ಪು ಕಾಲಂಗೆ ಹೋದ ಅಂಕಿ ಸಿಗಲಿ ಎಂದು ಎರಡರಿಂದ ಭಾಗಿಸಿದರೆ 29,200, ಅಂಥ ಸಾಲೇ ಇಲ್ಲ. ಅಂಕೆಗಳು ಹಿಂದುಮುಂದಾಗಿವೆಯೇ ಎಂದು ನೋಡಿದರೆ ಒಂಬತ್ತರಿಂದ ಭಾಗವಾಗುವುದಿಲ್ಲ. ಹಳೆಯ ಉಪಾಯಗಳೆಲ್ಲ ಇಲ್ಲಿ ನಿಂತುಹೋಗುತ್ತವೆ, ಯಾಕೆಂದರೆ ಎರಡು ತಪ್ಪು ಒಂದೇ ಸಂಖ್ಯೆಯೊಳಗೆ ಕಲಸಿಹೋಗಿವೆ.

ಆದರೆ ಪ್ರತಿ ಕಾಲಂ ಅನ್ನು ಫೋಟೊದ ಅದರದ್ದೇ ಮೊತ್ತಕ್ಕೆ ಹೋಲಿಸಿ. ಕ್ರೆಡಿಟ್ 4,200 ಕಡಿಮೆ, ಡೆಬಿಟ್ 54,200 ಹೆಚ್ಚು. 4,200 ಎಂಬ ಸಾಲು ನಮ್ಮ ಡೆಬಿಟ್ ಕಾಲಂನಲ್ಲೇ ಇದೆ, ಎದುರಿಗೆ ಕಮಿಷನ್ ಎಂಬ ಆದಾಯದ ಖಾತೆ. ಫೋಟೊದಲ್ಲಿ ಆ ಸಾಲಿನ ಗುಂಟ ಬಲಕ್ಕೆ ಹೋಗಿ ನೋಡಿದರೆ ಅಂಕಿ ಕ್ರೆಡಿಟ್ ಗೆರೆಯ ಒಳಗಿದೆ. ಅದನ್ನು ಸರಿಯಾದ ಕಡೆ ಹಾಕಿದ ತಕ್ಷಣ ಕ್ರೆಡಿಟ್ ಕೂಡಿತು, ಡೆಬಿಟ್‌ನಲ್ಲಿ ಉಳಿದದ್ದು ನೇರವಾಗಿ 50,000.

50,000 ಅಂದರೆ ಒಂದೇ ಅಂಕೆ, ಹಿಂದೆ ಸೊನ್ನೆಗಳು. ಒಂದೇ ಅಂಕೆಯನ್ನು ತಪ್ಪಾಗಿ ಓದಿದಾಗ ವ್ಯತ್ಯಾಸ ಹೀಗೇ ಬರುತ್ತದೆ. ಹತ್ತು ಸಾವಿರದ ಸ್ಥಾನದಲ್ಲಿ ಇರಬೇಕಾದದ್ದಕ್ಕಿಂತ ಐದು ಹೆಚ್ಚು ಓದಿದ್ದೇವೆ. ಆ ಸ್ಥಾನದಲ್ಲಿ ನಾವು ಐದು ಅಥವಾ ಅದಕ್ಕಿಂತ ದೊಡ್ಡ ಅಂಕೆ ಬರೆದ ಸಾಲುಗಳು ಐದೇ: 1,86,250, 74,500, 58,000, 3,92,780, 96,000. ಹದಿನಾಲ್ಕು ಸಾಲು ಮತ್ತೆ ಓದುವ ಕೆಲಸ ಐದು ಅಂಕೆಗಳಿಗೆ ಇಳಿಯಿತು. ಇವುಗಳಲ್ಲಿ ಮಸುಕಾದ ಫೋಟೊದಲ್ಲಿ ಅದಲು ಬದಲಾಗುವ ಜೋಡಿ 3 ಮತ್ತು 8. ದೊಡ್ಡದು ಮಾಡಿ ಅಂಕೆಯ ಎಡ ಬದಿ ನೋಡಿ: 8 ಆದರೆ ಎಡ ಬದಿ ಮುಚ್ಚಿರುತ್ತದೆ, 3 ಆದರೆ ತೆರೆದಿರುತ್ತದೆ. ಅದೇ ಫೋಟೊದಲ್ಲಿ ಅನುಮಾನವೇ ಇಲ್ಲದ ಇನ್ನೊಂದು 8 ಪಕ್ಕಕ್ಕೆ ಹಿಡಿಯಿರಿ, ಇಲ್ಲಿ 58,000ದ 8 ಇದೆ. ಅದೇ ಅಚ್ಚು, ಅದೇ ಬೆಳಕು ಆದ್ದರಿಂದ ಕಣ್ಣಿಗೆ ಬೇಗ ತಿಳಿಯುತ್ತದೆ.

ಇಷ್ಟಕ್ಕೂ ತಳದ ಮೊತ್ತವನ್ನೇ ತಪ್ಪಾಗಿ ಓದಿದ್ದರೆ? ಅದಕ್ಕೆ ಉತ್ತರ ಅಲ್ಲೇ ಇದೆ. 8,65,540 ಎಂಬುದು ಎರಡು ಬೇರೆ ಬೇರೆ ಜಾಗದಲ್ಲಿ ಅಚ್ಚಾಗಿದೆ, ಒಂದು ಮಸುಕಾದರೂ ಇನ್ನೊಂದು ಅದಕ್ಕೆ ಸಾಕ್ಷಿ. ಕೈಬರಹದ ಪಟ್ಟಿಯಾದರೆ ಮಾತ್ರ ಬರೆದವರೇ ಕೂಡುವಾಗ ತಪ್ಪಿರುವ ಸಾಧ್ಯತೆಯನ್ನೂ ಇಟ್ಟುಕೊಳ್ಳಬೇಕು.

ಉಳಿದ ತಪ್ಪುಗಳಿಗೂ ತಮ್ಮದೇ ಗುರುತಿದೆ. 87,460 ಎನ್ನುವುದನ್ನು 84,760 ಎಂದು ಟೈಪ್ ಮಾಡಿದರೆ ವ್ಯತ್ಯಾಸ 2,700. ಅಂಕೆಗಳು ಹಿಂದುಮುಂದಾದಾಗ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಇದು ಬೆರಳಿನ ತಪ್ಪು, ಫೋಟೊದ ತಪ್ಪಲ್ಲ, ಹಾಗಾಗಿ ಫೋಟೊ ಎಷ್ಟು ಸ್ಪಷ್ಟವಾಗಿದ್ದರೂ ಆಗುತ್ತದೆ. ಆವರಣದೊಳಗೆ ಬರೆದ ಅಂಕಿ ಅಂದರೆ ಆ ಕಾಲಂನಲ್ಲಿ ಕಳೆಯಬೇಕಾದದ್ದು. ಆವರಣದ ಗೆರೆ ತೆಳು, ಫೋಟೊದಲ್ಲಿ ಮಾಯವಾಗುತ್ತದೆ. ಆಗ ಆ ಕಾಲಂ ಅಂಕಿಯ ಎರಡರಷ್ಟು ಹೆಚ್ಚು ಬರುತ್ತದೆ.

ಸಾಫ್ಟ್‌ವೇರ್‌ನಿಂದ ಅಚ್ಚಾದ ಪಟ್ಟಿಯಲ್ಲಿ ಇನ್ನೊಂದು ತೊಡಕು ಗುಂಪಿನ ಮೊತ್ತ. ಖರ್ಚುಗಳು ಎಂಬ ದಪ್ಪಕ್ಷರದ ಸಾಲಿನಲ್ಲಿ 1,55,370 ಇದ್ದು, ಕೆಳಗೆ ಸ್ವಲ್ಪ ಒಳಕ್ಕೆ ಸರಿಸಿ ಸಂಬಳ, ಬಾಡಿಗೆ, ವಿದ್ಯುತ್ ಇರುತ್ತವೆ. ಫೋಟೊ ಓರೆಯಾದರೆ ಆ ಒಳಸರಿತ ಕಾಣುವುದಿಲ್ಲ, ನೆರಳು ಬಿದ್ದರೆ ದಪ್ಪ ತೆಳು ಗೊತ್ತಾಗುವುದಿಲ್ಲ. ನಾಲ್ಕೂ ಸಾಲು ಕೂಡಿಬಿಟ್ಟರೆ ಡೆಬಿಟ್ ಸರಿಯಾಗಿ 1,55,370 ಹೆಚ್ಚು ಬರುತ್ತದೆ. ವ್ಯತ್ಯಾಸ ಯಾವುದಾದರೂ ಒಂದು ಪೂರ್ತಿ ಸಾಲಿಗೆ ಸಮ ಇದ್ದು, ಅದು ಕೆಳಗಿನ ಕೆಲವು ಸಾಲುಗಳ ಕೂಡಿಕೆಯೂ ಆಗಿದ್ದರೆ ಅದು ಗುಂಪಿನ ಮೊತ್ತವೇ. ಎರಡು ಪುಟದ ಪಟ್ಟಿಯಲ್ಲಿ ಹಿಂದಿನ ಪುಟದಿಂದ ತಂದ ಮೊತ್ತದ ಸಾಲೂ ಹೀಗೇ ಕಾಡುತ್ತದೆ. ತಳದ ಮೊತ್ತದ ಕೆಳಗೆ ಟಿಪ್ಪಣಿಯಾಗಿ ಬರೆದ ಅಂತಿಮ ದಾಸ್ತಾನು ಕೂಡ ಕೂಡಿಕೆಗೆ ಸೇರಿದ್ದಲ್ಲ.

ಒಂದೆರಡು ರೂಪಾಯಿಯಷ್ಟೇ ವ್ಯತ್ಯಾಸ ಬಂದರೆ, ಪಟ್ಟಿಯಲ್ಲಿ ಪೈಸೆ ತೋರಿಸದೆ ಪ್ರತಿ ಸಾಲನ್ನೂ ಪೂರ್ಣ ಅಂಕಿಗೆ ತಂದಿದ್ದಾರೆಯೇ ನೋಡಿ. ಒಂಬತ್ತು ಸಾಲಿನ ಕಾಲಂನಲ್ಲಿ ಹೀಗೆ ಬರಬಹುದಾದ ವ್ಯತ್ಯಾಸ ನಾಲ್ಕೈದನ್ನು ದಾಟುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಪೈಸೆಯ ಮೇಲೆ ಹೊರಿಸಬೇಡಿ.

ಮಡಿಕೆಯ ಮೇಲೆ ಬಿದ್ದ ಒಂದು ಅಂಕಿ ಓದಲಿಕ್ಕೇ ಆಗದಿದ್ದರೆ? ಮೊತ್ತದಿಂದ ಉಳಿದ ಸಾಲುಗಳನ್ನು ಕಳೆದು ಅದನ್ನು ಕಂಡುಹಿಡಿಯಬಹುದು. ಆದರೆ ಒಂದು ಕಾಲಂಗೆ ಒಂದೇ, ಎರಡು ಮಸುಕಾದರೆ ಈ ದಾರಿ ಮುಚ್ಚಿತು. ಒಂದನ್ನು ಹಾಗೆ ತುಂಬಿದ ಮೇಲೆ ಆ ಕಾಲಂ ಕೂಡಿಬಂತು ಅಂತ ಹೇಳಿಕೊಳ್ಳುವ ಹಕ್ಕು ನಮಗಿಲ್ಲ, ಯಾಕೆಂದರೆ ಬೇರೆ ಸಾಲಿನ ತಪ್ಪೆಲ್ಲ ಬಂದು ಆ ಅಂಕಿಯೊಳಗೆ ಅಡಗಿಕೊಳ್ಳುತ್ತದೆ. ಪಕ್ಕದಲ್ಲಿ 'ಓದಿದ್ದಲ್ಲ, ಕಳೆದು ಪಡೆದದ್ದು' ಎಂದು ಬರೆದಿಡಿ, ಇನ್ನೊಂದು ಫೋಟೊ ಕೇಳಿ. ನಾಲ್ಕೂ ಮೂಲೆ, ತಲೆಬರಹ, ತಳದ ಸಾಲು ಕಾಣುವಂತೆ, ಹಾಳೆ ಚಪ್ಪಟೆಯಾಗಿಟ್ಟು ನೇರ ಮೇಲಿನಿಂದ ತೆಗೆದದ್ದು. ತಾಳೆ ಬರಲಿ ಎಂದು ಒಂದು ಅಂಕೆಯನ್ನು ಬೇಕಾದಂತೆ ಓದುವುದನ್ನಂತೂ ಯಾವ ಕಾರಣಕ್ಕೂ ಮಾಡಬಾರದು. ಎರಡೂ ಕಾಲಂ ತಮ್ಮ ಮೊತ್ತಕ್ಕೆ ಹೊಂದಿಯೂ ಆ ಮೊತ್ತಗಳೇ ಬೇರೆ ಬೇರೆ ಇದ್ದರೆ, ವ್ಯತ್ಯಾಸ ಪುಸ್ತಕದಲ್ಲಿದೆ. ಅದನ್ನು ಸಸ್ಪೆನ್ಸ್ ಖಾತೆ ಹಾಕಿ ಮುಚ್ಚುವುದು ಓದುವವರ ಕೆಲಸವಲ್ಲ, ಇದ್ದಂತೆ ತಿಳಿಸಬೇಕು.

ಮೂರೂ ಸೊನ್ನೆ ಬಂದರೂ ಕಾಣದ ತಪ್ಪುಗಳಲ್ಲಿ ನನಗೆ ಹೆಚ್ಚು ಭಯ ಸಾಲು ಜಾರುವುದರದ್ದು. ಓರೆ ಫೋಟೊದಲ್ಲಿ ಸಂಬಳದ ಎದುರು 48,000, ಬಾಡಿಗೆಯ ಎದುರು 96,000 ಬರೆದುಕೊಂಡರೆ ಕೂಡಿಕೆಗೆ ಏನೂ ಆಗುವುದಿಲ್ಲ. ಅದಕ್ಕೆ ಮೊದಲೇ ಫೋಟೊವನ್ನು ತಿರುಗಿಸಿ ನೆಟ್ಟಗೆ ಮಾಡಿ, ಪರದೆಯ ಮೇಲೆ ಕಾಗದದ ಅಂಚು ಹಿಡಿದು ಸಾಲು ಸಾಲಾಗಿ ಓದಬೇಕು.

ಇನ್ನೊಂದು, ಆರು ಕಾಲಂಗಳ ಪಟ್ಟಿ: ಆರಂಭದ ಶಿಲ್ಕು, ಅವಧಿಯ ವ್ಯವಹಾರ, ಅಂತ್ಯದ ಶಿಲ್ಕು, ಪ್ರತಿಯೊಂದಕ್ಕೂ ಡೆಬಿಟ್ ಕ್ರೆಡಿಟ್. ಇಲ್ಲಿ ವ್ಯವಹಾರದ ಜೋಡಿಯೂ ತಾಳೆಯಾಗುತ್ತದೆ. ತಪ್ಪು ಜೋಡಿ ಎತ್ತಿಕೊಂಡರೂ ಮೊತ್ತಗಳು ಸಮವೇ ಇರುತ್ತವೆ, ಅನುಮಾನವೇ ಬರುವುದಿಲ್ಲ. ಆದರೆ ಇಂಥ ಪಟ್ಟಿ ಸಿಕ್ಕರೆ ಒಂದು ಅನುಕೂಲವೂ ಇದೆ. ಡೆಬಿಟ್ ಶಿಲ್ಕಿನ ಖಾತೆಯಾದರೆ ಆರಂಭದ ಶಿಲ್ಕಿಗೆ ಅವಧಿಯ ಡೆಬಿಟ್ ಕೂಡಿಸಿ ಕ್ರೆಡಿಟ್ ಕಳೆದರೆ ಅಂತ್ಯದ ಶಿಲ್ಕು ಬರಬೇಕು. ಕ್ರೆಡಿಟ್ ಶಿಲ್ಕಿನದಾದರೆ ತಿರುಗುಮುರುಗು. ಹೀಗೆ ಪ್ರತಿ ಸಾಲನ್ನೂ ಅಡ್ಡಕ್ಕೆ ಪರೀಕ್ಷಿಸಿದರೆ ತಪ್ಪು ಓದಿದ ಸಾಲು ಯಾವುದು ಎಂದು ಹುಡುಕಬೇಕಾಗಿಲ್ಲ, ಅಂತ್ಯದ ಶಿಲ್ಕು ಹೊಂದದೆ ನಿಂತ ಸಾಲೇ ಅದು.