ಪೊಟ್ಟಣದ ಮುಂಬದಿಯ ಅಜ್ಜ

ಕಾಫಿಪುಡಿಯ ಪೊಟ್ಟಣದ ಮೇಲೆ ಅಜ್ಜನ ಚಿತ್ರವಿಲ್ಲದಿದ್ದರೆ ಮಡಿಕೇರಿಗೆ ಬರುವ ಪ್ರವಾಸಿಗರು ಅದನ್ನು ಮುಟ್ಟಿಯೂ ನೋಡುವುದಿಲ್ಲ ಎಂಬ ತೀರ್ಮಾನಕ್ಕೆ ನಮ್ಮ ಜಿಲ್ಲೆಯ ವ್ಯಾಪಾರಿಗಳು ಒಮ್ಮತದಿಂದ ಬಂದಂತಿದೆ. ಕುಪ್ಯ ಚೇಲೆ ಧರಿಸಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ಕ್ಯಾಮೆರಾದ ಮೇಲೆ ನಂಬಿಕೆಯಿಲ್ಲದವರಂತೆ ನಿಂತ ಆ ಹಿರಿಯರ ಹಿಂದೆ ಕುಲದ ಮೂಲಮನೆಯಾದ ಐನ್‌ಮನೆಯ ಕಂಬಗಳು ಕಾಣುತ್ತವೆ. ಕೆಳಗೆ ‘1931ರಿಂದ’ ಎಂದಿರುತ್ತದೆ. ಅದರ ಕೆಳಗೆ, ‘ನಾಲ್ಕು ತಲೆಮಾರುಗಳ ಪ್ರೀತಿ, ನಮ್ಮ ತೋಟದಿಂದ ನಿಮ್ಮ ಲೋಟಕ್ಕೆ’ ಎಂಬ ವಾಕ್ಯ. ಈ ಪೊಟ್ಟಣವನ್ನು ಯಾವ ಅಂಗಡಿಯಲ್ಲೂ ಹುಡುಕಬೇಡಿ. ಹಲವು ಪೊಟ್ಟಣಗಳಿಂದ ಒಂದೊಂದು ಗುಣವನ್ನು ಆರಿಸಿ ನಾನೇ ಕೂಡಿಸಿದ್ದು ಇದು. ಕಾಫಿಯನ್ನೇ ಬೆರೆಸಿ ಮಾರುವ ಊರಿನಲ್ಲಿ ಲೇಖಕನೊಬ್ಬ ಬೆರಕೆ ಮಾಡಿದರೆ ತಪ್ಪೇನೂ ಇಲ್ಲ.

ಮೊದಲು ಆ ಇಸವಿಯನ್ನು ನೋಡೋಣ. 1931ರಿಂದ ಏನು? ಈ ಪ್ರಶ್ನೆಗೆ ಉತ್ತರವಾಗಬೇಕಾದ ನಾಮಪದವನ್ನು ಪೊಟ್ಟಣದ ಮೇಲೆ ಎಲ್ಲಿಯೂ ಅಚ್ಚು ಹಾಕಿರುವುದಿಲ್ಲ, ಮತ್ತು ಕಥೆ ಕಟ್ಟುವ ಕಲೆಯೆಲ್ಲ ಆ ಖಾಲಿ ಜಾಗದಲ್ಲಿಯೇ ಇದೆ. ಅಜ್ಜ ತೋಟ ಕೊಂಡದ್ದು 1931ರಲ್ಲಿ. ಮೊಮ್ಮಗ ಪುಡಿ ಮಾರಲು ಆರಂಭಿಸಿದ್ದು 1998ರಲ್ಲಿ. ಎರಡೂ ಸತ್ಯವೇ. ಮೊದಲನೆಯ ಸತ್ಯದ ಇಸವಿಯನ್ನು ಎರಡನೆಯ ಸತ್ಯದ ಸರಕಿನ ಮೇಲೆ ಅಂಟಿಸಿದಾಗ ಹುಟ್ಟುವ ಸುಳ್ಳನ್ನು ಹೇಳುವವರು ಕಂಪನಿಯವರಲ್ಲ, ಓದಿದ ಗಿರಾಕಿಯೇ ತನಗೆ ತಾನು ಹೇಳಿಕೊಳ್ಳುತ್ತಾನೆ. ಆದುದರಿಂದ ಯಾರ ಮೇಲೂ ದಾವೆ ಹೂಡುವಂತಿಲ್ಲ. ನಿಜವಾದ ಇಸವಿ ಬೇಕಾದವರು ಟ್ರೇಡ್‌ಮಾರ್ಕ್ ಅರ್ಜಿಯನ್ನು ನೋಡಬೇಕು. ಈ ಹೆಸರು ಎಂದಿನಿಂದ ಬಳಕೆಯಲ್ಲಿದೆ ಎಂದು ಅಲ್ಲಿ ಬರೆಯಬೇಕಾಗುತ್ತದೆ. ಅರ್ಜಿಗಿಂತ ಹಿಂದಿನ ಬಳಕೆಯನ್ನು ಹೇಳಿಕೊಂಡರೆ 2017ರ ನಿಯಮಗಳ ಪ್ರಕಾರ ಪ್ರಮಾಣಪತ್ರವನ್ನೂ ದಾಖಲೆಗಳನ್ನೂ ಲಗತ್ತಿಸಬೇಕು. ಪ್ರಮಾಣ ಮಾಡುವ ಹೊತ್ತಿಗೆ ಅಜ್ಜ ಹಿಂದೆ ಸರಿಯುತ್ತಾರೆ, ಮೊಮ್ಮಗ ಮುಂದೆ ಬಂದು 1998 ಎಂದು ಸಹಿ ಹಾಕುತ್ತಾನೆ.

ಇನ್ನು ‘ನಮ್ಮ ತೋಟದಿಂದ ನಿಮ್ಮ ಲೋಟಕ್ಕೆ’ ಎಂಬ ಮಾತು. ಬೆಂಗಳೂರಿನ ಗಿರಾಕಿಯ ಕಣ್ಣು ತೇವವಾಗುವುದು ಇಲ್ಲಿ. ಕೊಡಗಿನ ಹಳೆಯ ಬೆಳೆಗಾರರು ನಗು ತಡೆಯಲಾಗದೆ ಮುಖ ತಿರುಗಿಸುವುದೂ ಇಲ್ಲಿಯೇ. 1940ರ ದಶಕದ ಆರಂಭದಿಂದ ಸುಮಾರು ಅರ್ಧ ಶತಮಾನ ಕಾಲ, 1942ರ ಕಾಫಿ ಕಾಯ್ದೆಯ ಆಶ್ರಯದಲ್ಲಿ, ಬೆಳೆಗಾರರು ಮನೆ ಬಳಕೆಗೆ ಮತ್ತು ಬಿತ್ತನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಬೆಳೆಯನ್ನು ಸರ್ಕಾರಿ ಸಂಸ್ಥೆಯಾದ ಕಾಫಿ ಬೋರ್ಡಿನ ಸಾಮೂಹಿಕ ಸಂಗ್ರಹವಾದ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಆಗಲಿ ಹಣ್ಣನ್ನು ಹಾಗೆಯೇ ಒಣಗಿಸಿದ ಚೆರ್ರಿಯಾಗಲಿ, ಬೀಜವನ್ನು ಸುಲಿದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನ ಬಾಗಿಲು ದಾಟಿದ ಮೇಲೆ ಅಜ್ಜನ ಕಾಫಿ ಅಜ್ಜನದಾಗಿ ಉಳಿಯುತ್ತಿರಲಿಲ್ಲ. ಅದನ್ನು ದರ್ಜೆವಾರು ವಿಂಗಡಿಸಿ ಊರಿನವರೆಲ್ಲರ ಕಾಫಿಯೊಡನೆ ಸೇರಿಸಲಾಗುತ್ತಿತ್ತು. ಅಜ್ಜನಿಗೆ ದರ್ಜೆಗೆ ತಕ್ಕ ಅಂಕಗಳು ಸಿಗುತ್ತಿದ್ದವು; ಅಂಕಗಳ ಲೆಕ್ಕದಲ್ಲಿ ಹಣ ಕಂತು ಕಂತಾಗಿ ಬರುತ್ತಿತ್ತು. ಒಂದು ವರ್ಷದ ಬೆಳೆಯ ಕೊನೆಯ ಕಂತು ಕೈಸೇರುವ ಹೊತ್ತಿಗೆ ಮುಂದಿನ ವರ್ಷದ ಹೂಮಳೆಯೂ ಮುಗಿದಿರುತ್ತಿತ್ತು. ಪುಡಿ ಮಾಡಿ ಮಾರುವವರು ಬೋರ್ಡು ಕರೆದ ಹರಾಜಿನಲ್ಲಿ ಕಾಫಿ ಕೊಳ್ಳುತ್ತಿದ್ದರು, ಮತ್ತು ಅದು ಯಾರ ತೋಟದ್ದೆಂದು ಕೊಂಡವರಿಗೂ ಕೊಟ್ಟವರಿಗೂ ತಿಳಿಯುವಂತಿರಲಿಲ್ಲ. ಈ ಹಿಡಿತ ಸಡಿಲಗೊಂಡದ್ದು 1990ರ ದಶಕದಲ್ಲಿ. 1996ರ ಹೊತ್ತಿಗೆ ಬೆಳೆಗಾರರು ಬೆಳೆದದ್ದನ್ನೆಲ್ಲ ತಾವೇ ಮಾರಿಕೊಳ್ಳುವ ಸ್ವಾತಂತ್ರ್ಯ ಪಡೆದರು. ಮೊಮ್ಮಗನ ಅಂಗಡಿ 1998ರಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ.

ಹೀಗಿರುವಾಗ ಆ ಐವತ್ತು ವರ್ಷ ತೋಟದ ಕಾಫಿ ನೇರವಾಗಿ ಗಿರಾಕಿಯ ಲೋಟಕ್ಕೆ ಇಳಿದಿದ್ದರೆ ಅಜ್ಜನ ಭಾವಚಿತ್ರ ಪೊಟ್ಟಣದ ಬದಲು ಪೊಲೀಸ್ ಠಾಣೆಯಲ್ಲಿ ಇರಬೇಕಾಗಿತ್ತು. ಕಥೆ ಬರೆಯಲು ಬೆಂಗಳೂರಿನಿಂದ ಬಂದ ಸಲಹೆಗಾರನಿಗೆ ಇದನ್ನು ಮನೆಯ ಯಜಮಾನರು ಹೇಳಿದರೆನ್ನಿ. ಅವನ ಉತ್ತರವನ್ನು ಊಹಿಸುವುದು ಕಷ್ಟವಲ್ಲ: “ಸರ್, ಬೋರ್ಡು, ಪರ್ಮಿಟ್ಟು, ಕಂತು ಇವೆಲ್ಲ ಭಾವನೆ ಹುಟ್ಟಿಸುವುದಿಲ್ಲ. ನಮಗೆ ಮೊದಲ ತಲೆಮಾರು ಬೇಕು, ನಾಲ್ಕನೆಯದು ಬೇಕು. ನಡುವಿನವರನ್ನು ಮಂಜಿನಲ್ಲಿ ಬಿಟ್ಟುಬಿಡೋಣ.” ಕೊಡಗಿನಲ್ಲಿ ಮಂಜಿಗೆ ಬರವಿಲ್ಲ. ಹೀಗೆ ನಲವತ್ತು ಮಳೆಗಾಲ ತೋಟ ನೋಡಿಕೊಂಡು, ಬೋರ್ಡಿಗೆ ಪತ್ರ ಬರೆದು ಬರೆದು ಸುಸ್ತಾದ ಅಪ್ಪ ಮತ್ತು ಚಿಕ್ಕಪ್ಪಂದಿರು ಕುಟುಂಬದ ಕಥೆಯಿಂದ ಅಳಿಸಿಹೋಗುತ್ತಾರೆ. ನನ್ನನ್ನು ಕೇಳಿದರೆ, ಈ ವಂಶದಲ್ಲಿ ಕಥೆಯೆಂಬುದು ಇರುವುದು ಅವರಲ್ಲಿ ಮಾತ್ರ. ಲೈನ್ ಮನೆಗಳಲ್ಲಿದ್ದು ಅದೇ ಗಿಡಗಳಿಂದ ಹಣ್ಣು ಕುಯ್ದ ಎರವ ಬುಡಕಟ್ಟಿನ ಕಾರ್ಮಿಕರ ತಲೆಮಾರುಗಳನ್ನೂ ಎಣಿಸಿದರೆ ನಾಲ್ಕಕ್ಕಿಂತ ಕಡಿಮೆಯೇನೂ ಆಗಲಾರವು, ಆದರೆ ಅವರ ಅಜ್ಜನ ಚಿತ್ರ ಯಾವ ಪೊಟ್ಟಣದ ಮೇಲೂ ಬಂದಿಲ್ಲ.

ಅಜ್ಜನಾದ ಮೇಲೆ ಅಜ್ಜಿ. ಆಕೆಯ ‘ಕೈಯಳತೆಯ ಗುಟ್ಟು’ ಪೊಟ್ಟಣದ ಪಕ್ಕದಲ್ಲಿರುತ್ತದೆ. ಗುಟ್ಟನ್ನು ರಟ್ಟು ಮಾಡುವ ಕೆಲಸವನ್ನು ಸರ್ಕಾರ ಲೇಬಲ್ಲಿಗೆ ವಹಿಸಿದೆ: ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆಯಿರಕೂಡದು ಮತ್ತು ಎರಡರ ಪ್ರಮಾಣವನ್ನೂ ಅಚ್ಚು ಹಾಕಲೇಬೇಕು. ನಮ್ಮ ಪೊಟ್ಟಣದ ಹಿಂಬದಿಯಲ್ಲಿ ಕಾಫಿ 60, ಚಿಕೋರಿ 40 ಎಂದಿದೆ. ಚಿಕೋರಿ ಒಂದು ಗಿಡದ ಬೇರು. ಅದನ್ನು ಹೆಚ್ಚಾಗಿ ಬೆಳೆಯುವುದು ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ. ಆದುದರಿಂದ ನಮ್ಮ ತೋಟದಿಂದ ಲೋಟಕ್ಕೆ ಬರುವ ಪ್ರೀತಿಯಲ್ಲಿ ಹತ್ತಕ್ಕೆ ನಾಲ್ಕು ಪಾಲು ರೈಲಿನಲ್ಲೋ ಲಾರಿಯಲ್ಲೋ ಬಂದದ್ದು. ಅಜ್ಜಿಯ ಕೈಯಳತೆಗೆ ಇನ್ನೊಂದು ವೈಶಿಷ್ಟ್ಯವಿದೆ: ರೊಬಸ್ಟಾ ಜಾತಿಯ ಕಾಫಿಯ ಬೆಲೆಗೆ ದಿಕ್ಕು ತೋರಿಸುವ ಲಂಡನ್ ಮಾರುಕಟ್ಟೆ ಏರಿದಾಗ 60 ಇದ್ದದ್ದು 55 ಆಗುತ್ತದೆ. ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ ಆ ತಾಯಿ ಲಂಡನ್ನಿನ ಧಾರಣೆಯ ಮೇಲೆ ಕಣ್ಣಿಟ್ಟಿದ್ದಾರೆ. ಪರೀಕ್ಷೆ ಮಾಡಬೇಕೆಂದಿರುವವರು ಹಳೆಯ ಖಾಲಿ ಪೊಟ್ಟಣವೊಂದನ್ನು ಎತ್ತಿಟ್ಟು ಹೊಸದರ ಹಿಂಬದಿಯೊಡನೆ ಹೋಲಿಸಿದರೆ ಸಾಕು. ಮುಂಬದಿಯಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ‘ಸಾಂಪ್ರದಾಯಿಕ’ ಎಂಬ ಪದವನ್ನು ಕಂಪನಿ ಬಳಸದಿರುವುದನ್ನೂ ಗಮನಿಸಿ. ಆಹಾರ ಜಾಹೀರಾತುಗಳ ಕುರಿತ 2018ರ ನಿಯಮಗಳು, ಆ ಪದ ಬಳಸುವವರ ಪಾಕಕ್ರಮ ತಲೆಮಾರುಗಳಿಂದ ಬಹುಮಟ್ಟಿಗೆ ಬದಲಾಗದೆ ಉಳಿದಿರಬೇಕೆಂದು ಕೇಳುತ್ತವೆ. ‘ಪರಂಪರೆಯ ಪರಿಮಳ’ಕ್ಕೆ ಅಂತಹ ಷರತ್ತು ಯಾವುದೂ ಇಲ್ಲ.

ಇಷ್ಟೆಲ್ಲ ಇದ್ದರೂ ಕಥೆ ಓಡುತ್ತದೆ, ಏಕೆಂದರೆ ಅದನ್ನು ನಮಗಾಗಿ ಬರೆದಿಲ್ಲ. ಮನೆಯ ಹಿಂದಿನ ರೊಬಸ್ಟಾವನ್ನು ಕಣದಲ್ಲಿ ಒಣಗಿಸಿ, ಬೆಲ್ಲ ಹಾಕಿ ಕುಡಿಯುವವರಿಗೆ ಯಾರ ಅಜ್ಜನೂ ಬೇಕಾಗಿಲ್ಲ. ಅಜ್ಜ ಬೇಕಾಗಿರುವುದು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುತ್ತಾ, ತನ್ನ ಅಜ್ಜನ ಊರಿನ ದಾರಿಯನ್ನೂ ಮರೆತಿರುವ ನಗರದ ಗಿರಾಕಿಗೆ. ಅರ್ಧ ಕಿಲೋ ಪುಡಿಯ ಜೊತೆ ಅವನಿಗೆ ಒಬ್ಬ ಹಿರಿಯರು, ಒಂದು ಐನ್‌ಮನೆ ಮತ್ತು ಒಂದು ಮಳೆಗಾಲ ಸಿಗುತ್ತವೆ. ಆ ಐನ್‌ಮನೆ ಒಕ್ಕ ಎನ್ನುವ ಇಡೀ ಕುಲಕ್ಕೆ ಸೇರಿದ್ದು; ಸುಗ್ಗಿಯ ಹಬ್ಬವಾದ ಪುತ್ತರಿಗೆ ಅಲ್ಲಿ ಸೇರುವ ಹತ್ತಾರು ಸಂಸಾರಗಳಲ್ಲಿ ಪುಡಿ ಮಾರುವುದು ಒಂದೇ ಸಂಸಾರ ಎಂಬ ವಿವರವನ್ನು ಪೊಟ್ಟಣದಲ್ಲಿ ತುಂಬಲು ಜಾಗ ಸಾಲುವುದಿಲ್ಲ.

ಸರಿಯಾಗಿ ಹೇಳಬೇಕೆಂದರೆ, ಈಗ ಎರಡು ಸಂಸಾರ. ತೋಟದ ಪಾಲು ಪಟ್ಟಿಯಾದಾಗ ಗಿಡ, ಮರ, ಕಣ, ಕೆರೆ ಎಲ್ಲವನ್ನೂ ಅಳೆದು ಹಂಚಿಕೊಂಡ ಅಣ್ಣತಮ್ಮಂದಿರು ಅಜ್ಜನನ್ನು ಹಂಚಿಕೊಳ್ಳಲು ಮರೆತರು. ಪರಿಣಾಮವಾಗಿ ಒಂದೇ ರಸ್ತೆಯ ಎರಡು ಅಂಗಡಿಗಳಲ್ಲಿ ಒಬ್ಬರೇ ಅಜ್ಜ ಎರಡು ಬಣ್ಣದ ಪೊಟ್ಟಣಗಳ ಮೇಲೆ ನಿಂತಿದ್ದಾರೆ. ಒಂದರಲ್ಲಿ ಎಡಕ್ಕೆ ನೋಡುತ್ತಾರೆ, ಇನ್ನೊಂದರಲ್ಲಿ ಚಿತ್ರವನ್ನು ಮಗುಚಿ ಅಚ್ಚು ಹಾಕಿದ್ದರಿಂದ ಬಲಕ್ಕೆ. ಎರಡೂ ಅಂಗಡಿಗಳ ಮೇಲೆ ‘ನಮಗೆ ಬೇರೆ ಶಾಖೆಗಳಿಲ್ಲ’ ಎಂಬ ಫಲಕವಿದೆ. ಎರಡೂ ಪೊಟ್ಟಣಗಳ ಹಿಂಬದಿಯಲ್ಲಿ ‘ತಯಾರಿಸಿದವರು’ ಎಂಬಲ್ಲಿ ಕುಶಾಲನಗರದ ಕೈಗಾರಿಕಾ ಪ್ರದೇಶದ ಒಂದೇ ಗಿರಣಿಯ ವಿಳಾಸವಿದೆ, ಮತ್ತು ಪೊಟ್ಟಣ ಕಟ್ಟಿದ ದಿನಾಂಕವೂ ಸಾಮಾನ್ಯವಾಗಿ ಒಂದೇ ಆಗಿರುತ್ತದೆ.