ಎಳನೀರು ಕೆಜಿಗೆ ಎಷ್ಟು?

ಮಂಡ್ಯ ಜಿಲ್ಲೆಯ ಒಂದು ರೈತರ ಸಹಕಾರ ಸಂಘ ವೆಬ್‌ಸೈಟ್ ಮಾಡಿಸಿದೆ. ಸಂಘದ ಹೆಸರು ಬೇಡ. ಹೇಳಿದರೆ ನನ್ನನ್ನು ಖಂಡಿಸಿ ಒಂದು ಠರಾವು ಪಾಸಾಗುತ್ತದೆ, ಆ ಸಭೆಯ ಕಾಫಿ ತಿಂಡಿ ಖರ್ಚೂ ಷೇರುದಾರ ರೈತರ ತಲೆ ಮೇಲೆ ಬೀಳುತ್ತದೆ.

ಉದ್ದೇಶ ಒಳ್ಳೆಯದೇ. ಈಗ ಏನು ಬೆಳೆ ಬಂದಿದೆ, ಎಷ್ಟಕ್ಕೆ ಕೊಡ್ತಾರೆ ಅಂತ ಮೈಸೂರಿನವರು ಮನೆಯಲ್ಲೇ ಕೂತು ನೋಡಬೇಕು. ಬೇಕಾದ್ದರ ಪಕ್ಕದ ಹಸಿರು ಗುಂಡಿ ಒತ್ತಬೇಕು. ವಾಟ್ಸಾಪ್ ತೆರೆದುಕೊಳ್ಳಬೇಕು, "ಇಷ್ಟು ಬೆಲ್ಲ ಬೇಕು" ಅಂತ ಕಳಿಸಿದರೆ ಆಯ್ತು. ದಲ್ಲಾಳಿ ಇಲ್ಲ, ಆ್ಯಪ್ ಇಲ್ಲ, ಪಾಸ್‌ವರ್ಡ್ ಇಲ್ಲ. ಇಷ್ಟು ಸಲೀಸಾದ ಕೆಲಸವನ್ನು ಕೆಡಿಸೋದು ಒಬ್ಬರ ಕೈಯಲ್ಲಿ ಆಗೋ ಮಾತಲ್ಲ. ಅದಕ್ಕೆ ಆಡಳಿತ ಮಂಡಳಿಯೇ ಬೇಕು.

ಮೊದಲ ಪುಟ ತೆರೆದರೆ ಅಧ್ಯಕ್ಷರು ಕೈ ಮುಗಿದು ನಿಂತಿದ್ದಾರೆ. ಕೆಳಗೆ ಸರಿಸಿದರೆ ಉಪಾಧ್ಯಕ್ಷರು. ಇನ್ನೂ ಸರಿಸಿದರೆ ನಿರ್ದೇಶಕರು, ಸಾಲಾಗಿ, ಎಲ್ಲರೂ ಒಂದೇ ಸ್ಟುಡಿಯೋದ ನೀಲಿ ಪರದೆ ಮುಂದೆ. ಆಮೇಲೆ ಟೇಪು ಕತ್ತರಿಸುವ ಫೋಟೋ. ವೆಬ್‌ಸೈಟಿಗೆ ಬಾಗಿಲೇ ಇಲ್ಲವಲ್ಲ, ಟೇಪು ಎಲ್ಲಿ ಕಟ್ಟಿದ್ರು ಅನ್ನಬೇಡಿ. ಲ್ಯಾಪ್‌ಟಾಪಿಗೇ ಸುತ್ತಿದ್ರು. ಇದನ್ನೆಲ್ಲ ದಾಟಿದ ಮೇಲೆ ಬೆಲೆಪಟ್ಟಿ ಸಿಗುತ್ತದೆ. ಅದೂ ಫೋಟೋನೇ. ಕಾಗದದಲ್ಲಿ ಟೈಪ್ ಮಾಡಿ, ಮೊಹರು ಒತ್ತಿ, ಅಧ್ಯಕ್ಷರೂ ಕಾರ್ಯದರ್ಶಿಗಳೂ ಸಹಿ ಹಾಕಿ, ಮೊಬೈಲಲ್ಲಿ ಹೊಡೆದು ಏರಿಸಿದ್ದು. ಬೆರಳಲ್ಲಿ ದೊಡ್ಡದು ಮಾಡಿದರೆ ಸಹಿ ಸೊಗಸಾಗಿ ಕಾಣುತ್ತೆ, ಬೆಲೆ ಮಸುಕು.

ಮಸುಕಾಗಿದ್ದೇ ಒಳ್ಳೆಯದಾಯ್ತು. ಸೈಟ್ ಉದ್ಘಾಟನೆ ಆಗಿದ್ದು 2023ರ ಜುಲೈನಲ್ಲಿ. ಟೊಮೆಟೊ ಕಿಲೋಗೆ ನೂರು ದಾಟಿ, ಜನ ಚಿನ್ನದ ಅಂಗಡಿ ಮುಂದೆ ನಿಂತ ಹಾಗೆ ತರಕಾರಿ ಗಾಡಿ ಮುಂದೆ ನಿಲ್ಲುತ್ತಿದ್ದ ಕಾಲ. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ಟೊಮೆಟೊ ನೆಲ ಕಚ್ಚಿತು. ವೆಬ್‌ಸೈಟಿನಲ್ಲಿ ಮಾತ್ರ ಕಚ್ಚಲಿಲ್ಲ. ಅಲ್ಲಿ ಅದಕ್ಕೆ ಇನ್ನೂ ಜುಲೈ.

ಬೆಲೆ ಯಾಕೆ ಬದಲಾಯಿಸಲಿಲ್ಲ ಅಂದರೆ, ಬದಲಾಯಿಸೋಕೆ ಕ್ರಮ ಇದೆ. ಕಾರ್ಯದರ್ಶಿ ಟಿಪ್ಪಣಿ ಬರೀಬೇಕು. ಅದು ತಿಂಗಳ ಸಭೆಯ ಅಜೆಂಡಾಕ್ಕೆ ಹೋಗಬೇಕು. ಕೋರಂ ಆಗಬೇಕು. ಠರಾವಾಗಬೇಕು. ಅದರ ಪ್ರತಿ ಬೆಂಗಳೂರಿನ ಕಂಪನಿಗೆ ಹೋಗಬೇಕು, ಅವರು ಒಂದು ಬದಲಾವಣೆಗೆ ಇಷ್ಟು ಅಂತ ಬಿಲ್ ಕಳಿಸಬೇಕು, ಆ ಬಿಲ್ಲಿಗೆ ಮತ್ತೆ ಸಭೆ. ಅಷ್ಟರಲ್ಲಿ ಟೊಮೆಟೊ ಎರಡು ಫಸಲು ಕಂಡಿರುತ್ತೆ. ಗೂಗಲ್ ಶೀಟಿನಲ್ಲಿ ಐದು ಕಾಲಂ ಹಾಕಿದ್ದರೆ ಮುಗಿಯುತ್ತಿತ್ತು: ಪದಾರ್ಥ, ಅಳತೆ, ಬೆಲೆ, ಇದೆಯೋ ಖಾಲಿಯೋ, ಯಾವ ದಿನದ ಬೆಲೆ. ಸೈಟು ಆ ಶೀಟನ್ನೇ ಓದುವ ಹಾಗೆ ಮಾಡಿಬಿಟ್ಟರೆ, ತೂಕದ ಕಟ್ಟೆಯಲ್ಲಿ ನಿಂತವನು ಬೆಳಗ್ಗೆ ಫೋನಿನಲ್ಲಿ ಒಂದು ಅಂಕಿ ತಿದ್ದಿದ ಕೆಲವೇ ನಿಮಿಷಕ್ಕೆ ಮೈಸೂರಿನಲ್ಲಿ ಹೊಸ ಬೆಲೆ ಕಾಣುತ್ತೆ. 'ಖಾಲಿ' ಅಂದ ಸಾಲಿನ ಹಸಿರು ಗುಂಡಿ ತಾನೇ ಮಾಯ ಆಗೋ ಹಾಗೂ ಮಾಡಬಹುದು. ಆದರೆ ಶೀಟಿಗೆ ಮೊಹರು ಒತ್ತೋಕೆ ಬರಲ್ಲ. ಸಭೆಯಲ್ಲಿ ಈ ಮಾತು ಬಿದ್ದುಹೋಗಿದ್ದು ಅದಕ್ಕೇ.

ಇನ್ನು ಅಳತೆಯ ವಿಷಯ. ಬೆಂಗಳೂರಿನ ಕಂಪನಿಯವರು ಇದಕ್ಕೆ ಮೊದಲು ಕಬ್ಬಿಣದ ಅಂಗಡಿಗೆ ಸೈಟ್ ಮಾಡಿದ್ದರಂತೆ. ಅದೇ ಅಚ್ಚಿನಲ್ಲಿ ಇದನ್ನೂ ಎರಕ ಹೊಯ್ದಿದ್ದಾರೆ. ಅಲ್ಲಿ ಅಳತೆ ಒಂದೇ, ಕೆಜಿ. ಹಾಗಾಗಿ ಇಲ್ಲೂ ಎಲ್ಲಾ ಕೆಜಿ. ಬೆಲ್ಲ ಕೆಜಿ, ಸರಿ. ತೆಂಗಿನಕಾಯಿಯೂ ಈಗ ಕೆಜಿ ಲೆಕ್ಕದಲ್ಲಿ ಹೋಗುತ್ತೆ, ಒಪ್ಪೋಣ. ಕೊತ್ತಂಬರಿ ಕೆಜಿ? ವೀಳ್ಯದೆಲೆ ಕೆಜಿ? ಎಳನೀರು ಕೆಜಿ! ಮದ್ದೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಎಳನೀರು ಊರೂರಿಗೆ ಹೋಗುತ್ತೆ. ಅಲ್ಲಿ ಯಾರನ್ನಾದರೂ "ಕೆಜಿಗೆ ಎಷ್ಟು" ಅಂತ ಕೇಳಿ ನೋಡಿ, ಪಾಪ ಬಿಸಿಲಿಗೆ ತಲೆ ತಿರುಗಿರಬೇಕು ಅಂತ ಒಂದು ಕಾಯಿ ಕೊಚ್ಚಿ ಬಿಟ್ಟಿಯಾಗೇ ಕೊಡ್ತಾರೆ. ಕುವೆಂಪುನಗರದ ಒಬ್ಬರು ಅಮ್ಮ ಸೈಟ್ ನೋಡಿ ಸಂಘಕ್ಕೆ ಫೋನ್ ಮಾಡಿ, ಐದು ಕೆಜಿ ಎಳನೀರು ಬೇಕು ಅಂದರು. ಐದು ಲೀಟರ್ ನೀರು ಕ್ಯಾನಿನಲ್ಲಿ ಬರುತ್ತೆ ಅಂತ ಅವರ ಲೆಕ್ಕ. ತೂಕಕ್ಕೆ ಇಟ್ಟರೆ ಮೂರು ಕಾಯಿ ಬಂತು.

ಫೋನ್ ಯಾಕೆ ಮಾಡಿದ್ರು, ಹಸಿರು ಗುಂಡಿ ಇತ್ತಲ್ಲ ಅಂದಿರಾ? ಗುಂಡಿಯದ್ದೇ ದೊಡ್ಡ ಕಥೆ. ಗುಂಡಿಯ ಹಿಂದೆ ಇರೋದು ಒಂದೇ ಸಾಲಿನ ಲಿಂಕ್. ಅದು ಸಂಘದಲ್ಲಿ ಮೂರು ಅವತಾರ ಎತ್ತಿತು:

```
https://wa.me/094XXXXXXXX
https://wa.me/94XXXXXXXX
https://wa.me/9194XXXXXXXX
```

ಮೊದಲನೆಯದರಲ್ಲಿ ಮುಂದೆ ಸೊನ್ನೆ ಇದೆ. ಒತ್ತಿದವರಿಗೆಲ್ಲ ನಂಬರ್ ಸರಿಯಿಲ್ಲ ಅಂತ ಬಂತು. ಅಧ್ಯಕ್ಷರು ಒಪ್ಪಲಿಲ್ಲ. "ಸೊನ್ನೆ ಹಾಕಿ ಡಯಲ್ ಮಾಡುದ್ರೆ ರಿಂಗ್ ಆಯ್ತದೆ ಕಣ್ರೀ, ನೋಡಿ" ಅಂತ ಸಭೆಯಲ್ಲೇ ಮಾಡಿ ತೋರಿಸಿದರು. ರಿಂಗ್ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಯಲ್ ಮಾಡೋದೇ ಬೇರೆ, ಲಿಂಕೇ ಬೇರೆ ಅನ್ನೋದನ್ನು ಯಾರು ಹೇಳಬೇಕು? ಲಿಂಕಿನಲ್ಲಿ ದೇಶದ ಕೋಡು ಮೊದಲು ಬರಬೇಕು, ಸೊನ್ನೆ ಕೂಡದು, ಪ್ಲಸ್ ಬೇಡ, ನಡುವೆ ಜಾಗವಾಗಲಿ ಅಡ್ಡಗೆರೆಯಾಗಲಿ ಬೇಡ.

ಮುಂದಿನ ತಿಂಗಳು ಠರಾವು ಮಾಡಿ, ಬಿಲ್ ಕಟ್ಟಿ, ಸೊನ್ನೆ ತೆಗೆಸಿದರು. ನಂಬರ್ ಶುರುವಾಗೋದು 94ರಿಂದ. ದೇಶದ ಕೋಡು ಇಲ್ಲದೆ ಬರೆದರೆ ವಾಟ್ಸಾಪ್ ಮೊದಲ ಅಂಕಿಗಳನ್ನೇ ಕೋಡು ಅಂದುಕೊಳ್ಳುತ್ತೆ. 94 ಶ್ರೀಲಂಕಾದ್ದು. ಹೋಗಲಿ, ಅಲ್ಲಾದರೂ ಯಾರಿಗಾದರೂ ಮುಟ್ಟಿತಾ? ಇಲ್ಲ. ಶ್ರೀಲಂಕಾದ ಮೊಬೈಲಿಗೆ ಕೋಡಿನ ನಂತರ 9 ಅಂಕಿ, ನಮ್ಮದರಲ್ಲಿ ಉಳಿದದ್ದು 8. ಸಂಘದ ಆರ್ಡರು ಸಮುದ್ರ ದಾಟಿದರೂ ದಡ ಸೇರಲಿಲ್ಲ. ಮತ್ತೊಂದು ಠರಾವಿಗೆ 91 ಸೇರಿತು, ಲಿಂಕ್ ಕೂಡಿಬಂತು.

ಕೂಡಿಬಂದದ್ದು ಅಧ್ಯಕ್ಷರ ಸ್ವಂತ ಮೊಬೈಲಿಗೆ. ಸಂಘಕ್ಕೆ ಅಂತ ಒಂದು ಸಿಮ್ ತಗೊಂಡು, ವಾಟ್ಸಾಪ್ ಬಿಸಿನೆಸ್ ಹಾಕಿ, ತೂಕದ ಕಟ್ಟೆಯ ಫೋನಿನಲ್ಲಿ ಇಡಬಹುದಿತ್ತು. ಅದು ಬಿಟ್ಟಿಯಾಗೇ ಸಿಗುತ್ತೆ. ಆದರೆ ಆರ್ಡರು ಬಂದರೆ ನನಗೆ ಬರಬೇಕು ಅಂತ ಅವರ ಹಟ. ಬಂತು. ಶುಭೋದಯದ ಗುಲಾಬಿ, ಪಕ್ಷದ ಗುಂಪು, ನೆಂಟರ ಮದುವೆ ಪತ್ರಿಕೆ, ಇವುಗಳ ಅಡಿಯಲ್ಲಿ ಎರಡು ಕೆಜಿ ಸೌತೆಕಾಯಿ. ಅವರು ನೋಡುವ ಹೊತ್ತಿಗೆ ಸೌತೆಕಾಯಿ ಸಾಂಬಾರಿಗೂ ಲಾಯಕ್ಕಿರಲಿಲ್ಲ.

ಗೌರಿ ಗಣೇಶ ಹಬ್ಬಕ್ಕೆ ಒಂದು ಹೊಸ ಗುಂಡಿ ಬಂತು. ಒತ್ತಿದರೆ "ಅಚ್ಚು ಬೆಲ್ಲ & ತೆಂಗಿನಕಾಯಿ ಬೇಕು" ಅಂತ ಮೆಸೇಜು ತಾನೇ ತುಂಬಿಕೊಳ್ಳಬೇಕು, ಗಿರಾಕಿ ಕಳಿಸಿದರೆ ಸಾಕು. ಆರ್ಡರುಗಳೂ ಬಂದವು. ಬಂದದ್ದರಲ್ಲೆಲ್ಲ ಬರೀ ಅಚ್ಚು ಬೆಲ್ಲ. ತೆಂಗಿನಕಾಯಿ ಒಂದರಲ್ಲೂ ಇಲ್ಲ.

ಸಂಘದಲ್ಲಿ ಎರಡು ಬಣ, ನಿಮಗೆ ಗೊತ್ತಿರಲಿ. ಆಲೆಮನೆ ಕಡೆಯವರದ್ದು ಒಂದು, ತೆಂಗಿನ ತೋಟದವರದ್ದು ಒಂದು. ತೆಂಗಿನ ಕಡೆಯ ನಿರ್ದೇಶಕರು ಮೇಜು ಗುದ್ದಿದರು. "ಇದು ಬೆಲ್ಲದೋರ ಕಿತಾಪತಿ. ಕಂಪನಿಯೋರಿಗೆ ದುಡ್ಡು ಕೊಟ್ಟು ನಮ್ ಕಾಯಿ ಅಳಿಸವ್ರೆ." ಬೆಲ್ಲದವರು ಸುಮ್ನೆ ಇರ್ತಾರಾ? "ಜನಕ್ಕೆ ಬೆಲ್ಲ ಬೇಕು, ಬೆಲ್ಲ ಕೇಳವ್ರೆ. ಕಾಯಿ ಬೇಕಾದೋರು ಕಾಯಿ ಕೇಳ್ತಾರೆ ಬುಡಿ." ಮೂವರ ವಿಚಾರಣಾ ಸಮಿತಿ ಆಯಿತು. ಆ ಸಮಿತಿ ಲಿಂಕನ್ನು ನೋಡಿದ್ದರೆ ಊಟಕ್ಕೆ ಮುಂಚೆಯೇ ಮನೆಗೆ ಹೋಗಬಹುದಿತ್ತು:

```
?text=ಅಚ್ಚು ಬೆಲ್ಲ & ತೆಂಗಿನಕಾಯಿ ಬೇಕು
?text=ಅಚ್ಚು%20ಬೆಲ್ಲ%20%26%20ತೆಂಗಿನಕಾಯಿ%20ಬೇಕು
```

ಲಿಂಕಿನೊಳಗೆ `&` ಬಂದರೆ ಅಲ್ಲಿಗೆ ಒಂದು ಮಾತು ಮುಗಿಯಿತು, ಮುಂದಿನದು ಬೇರೆ ವಿಷಯ ಅಂತ ಅರ್ಥ. ವಾಟ್ಸಾಪ್ ಬೆಲ್ಲದವರೆಗೆ ಓದಿ, ಉಳಿದದ್ದು ತನಗಲ್ಲ ಅಂತ ಬಿಟ್ಟುಬಿಡುತ್ತೆ. ಆ ಚಿಹ್ನೆಯೇ ಬೇಕಿದ್ದರೆ `%26` ಅಂತ ಬರೀಬೇಕು, ಪದಗಳ ನಡುವಿನ ಜಾಗಕ್ಕೆ `%20`. ಅಥವಾ 'ಮತ್ತು' ಅಂತ ಕನ್ನಡದಲ್ಲಿ ಬರೆದಿದ್ದರೆ ಬಣಗಳ ಜಗಳವೇ ಇರುತ್ತಿರಲಿಲ್ಲ. ಸಮಿತಿ ವರದಿ ಕೊಟ್ಟಿತು: ಮುಂದಿನ ಹಬ್ಬಕ್ಕೆ ತೆಂಗಿನಕಾಯಿಯ ಹೆಸರು ಮೊದಲು ಬರತಕ್ಕದ್ದು. ನ್ಯಾಯ ಸಿಕ್ಕಿತು. ಆ ಹಬ್ಬಕ್ಕೆ ಬೆಲ್ಲ ಮಾಯವಾಯಿತು.

ಇಷ್ಟರ ನಡುವೆ ಸಂಘದ ವ್ಯಾಪಾರ ಮಾತ್ರ ಏರುತ್ತಲೇ ಇತ್ತು. ಅಧ್ಯಕ್ಷರು ಭಾಷಣಗಳಲ್ಲಿ ವೆಬ್‌ಸೈಟಿನ ಮಹಿಮೆ ಅಂದರು. ಆಡಿಟಿಗೆ ಬಂದವರು ಸುಮ್ನೆ ಇರಲಾರದೆ, ಸೈಟಿನಿಂದ ಎಷ್ಟು ಆರ್ಡರು ಬಂದಿದೆ ತೋರಿಸಿ ಅಂದಾಗ ಗುಟ್ಟು ರಟ್ಟಾಯಿತು.

ತೂಕದ ಕಟ್ಟೆಯ ಹುಡುಗ ದಿನಾ ಬೆಳಗ್ಗೆ ಗೇಟಿನ ಪಕ್ಕದ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಅವತ್ತಿನ ಬೆಲೆ ಬರೀತಾನೆ. ಕೊತ್ತಂಬರಿ ಕಟ್ಟಿಗೆ, ಎಳನೀರು ಕಾಯಿಗೆ, ಬೆಲ್ಲ ಕೆಜಿಗೆ. ಖಾಲಿಯಾದ್ದರ ಮೇಲೆ ಅಡ್ಡಗೆರೆ ಎಳೀತಾನೆ. ಅದನ್ನು ಫೋಟೋ ಹೊಡೆದು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕ್ತಾನೆ. ಬೇಕಾದವರು ಅದರ ಕೆಳಗೇ ಬರೀತಾರೆ, ಇವನು ಅಲ್ಲೇ ಉತ್ತರ ಕೊಟ್ಟು, ಸಂಜೆಯೊಳಗೆ ಮೈಸೂರಿಗೆ ಹೋಗೋ ಗಾಡಿಗೆ ಹೆಸರು ಬರೆದ ಚೀಲ ಏರಿಸ್ತಾನೆ. ಸ್ಟೇಟಸ್ಸು 24 ಗಂಟೆಗೆ ತಾನೇ ಅಳಿಸಿಹೋಗುತ್ತೆ, ಆದ್ದರಿಂದ ಹಳೇ ಬೆಲೆ ಉಳಿಯೋ ಮಾತೇ ಇಲ್ಲ. ಅವನ ನಂಬರ್ ಉಳಿಸಿಕೊಂಡವರಿಗೆ, ಅವನೂ ಉಳಿಸಿಕೊಂಡವರಿಗೆ ಮಾತ್ರ ಅದು ಕಾಣೋದು, ಅಷ್ಟೇ ಕೊರತೆ. ಅದನ್ನು ತುಂಬೋಕೇ ಅಲ್ವಾ ವೆಬ್‌ಸೈಟ್ ಮಾಡಿದ್ದು.

ಮಂಡಳಿ ಕೂಡಲೇ ಕ್ರಮ ಕೈಗೊಂಡಿತು. ಹುಡುಗನಿಗೆ ನೋಟಿಸ್ ಹೋಯಿತು. ಮೂರು ಆರೋಪ: ಠರಾವಿಲ್ಲದೆ ಬೆಲೆ ಬದಲಾಯಿಸಿದ್ದು, ಅನುಮತಿ ಇಲ್ಲದೆ ವ್ಯಾಪಾರ ಹೆಚ್ಚಿಸಿದ್ದು, ಸಂಘದ ಹಲಗೆಯಲ್ಲಿ ಅಧ್ಯಕ್ಷರ ಭಾವಚಿತ್ರ ಇಲ್ಲದಿರುವುದು. ಮೊದಲೆರಡನ್ನು ದೊಡ್ಡ ಮನಸ್ಸು ಮಾಡಿ ಬಿಟ್ಟರು. ಮೂರನೆಯದಕ್ಕೆ ಮಂಡ್ಯದಿಂದ ಫ್ಲೆಕ್ಸ್ ಬಂತು. ಹಲಗೆ ನಾಲ್ಕಡಿಗೆ ಮೂರಡಿ. ಫ್ಲೆಕ್ಸೂ ನಾಲ್ಕಡಿಗೆ ಮೂರಡಿ.

"ರೇಟು ಎಲ್ ಬರೀಲಿ ಸಾರ್?" ಅಂದ ಹುಡುಗ, ಸೀಮೆಸುಣ್ಣ ಹಿಡಿದುಕೊಂಡು.

ಕಾರ್ಯದರ್ಶಿಗಳು ಹಲಗೆಯನ್ನು ಒಂದು ಸುತ್ತು ಹಾಕಿ ಬಂದರು. "ಹಿಂದ್ಗಡೆ ಪೂರ್ತಿ ಖಾಲಿ ಐತಲ್ಲಪ್ಪ, ಅಲ್ ಬರಿ."